ಪೊರೆ ಬಿಡಲಾರದ ಹುಳು, ಮತ್ತು ಪಕ್ಕದ ಮನೆಯ ಬದನೆಕಾಯಿ

ನಮ್ಮ ಹಿತ್ತಿಲಿನ ಬದನೆ ಪಾತಿಯಲ್ಲಿ ಕಳೆದ ಮಳೆಗಾಲದಲ್ಲಿ ಎಲೆಗಳು ಒಂದೊಂದಾಗಿ ಜರಡಿಯಾಗತೊಡಗಿದವು. ಎಲೆ ಮಗುಚಿ ನೋಡಿದರೆ ಮೈತುಂಬ ಕವಲೊಡೆದ ಮುಳ್ಳುಗಳಿದ್ದ ಹಳದಿ ಹುಳುಗಳು ಸಾಲಾಗಿ ಕೂತು ಹಸಿರನ್ನು ಕೆರೆಯುತ್ತಿದ್ದವು. ಅವು ತಿಂದು ಬಿಟ್ಟ ಜಾಗದಲ್ಲಿ ನರಗಳೂ ಕಾಗದದಂತಹ ತೆಳು ಹೊದಿಕೆಯೂ ಮಾತ್ರ ಉಳಿಯುತ್ತಿದ್ದವು. ಇದು ಎಪಿಲಾಕ್ನಾ ದುಂಬಿಯ ಮರಿ. ಬೆನ್ನ ಮೇಲೆ ಇಪ್ಪತ್ತೆಂಟು ಕಪ್ಪು ಚುಕ್ಕೆ ಹೊತ್ತ ಈ ದುಂಬಿ ಗುಲಗಂಜಿ ಹುಳುವಿನ ಬಳಗದ್ದೇ. ಬಳಗದ ಹೆಚ್ಚಿನವರು ಗಿಡಹೇನನ್ನು ತಿಂದು ರೈತನಿಗೆ ನೆರವಾದರೆ ಇದರಂಥ ಕೆಲವು ಮಾತ್ರ ಗಿಡಕ್ಕೇ ಬಾಯಿ ಹಾಕುತ್ತವೆ.

ಗೊಬ್ಬರದ ಅಂಗಡಿಯಿಂದ 1500 ಪಿಪಿಎಂ ಎಂದು ಚೀಟಿ ಅಂಟಿಸಿದ್ದ ಬೇವಿನ ಕೀಟನಾಶಕದ ಬಾಟಲಿ ತಂದೆ. ಲೀಟರ್ ನೀರಿಗೆ 5 ಮಿಲಿಲೀಟರ್ ಬೆರೆಸಿ ಸಿಂಪಡಿಸಿದೆ. ಮರುದಿನವೂ ಹುಳುಗಳು ಅಲ್ಲೇ ಇದ್ದವು, ಜೀವಂತವಾಗಿಯೇ. ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮನೆಯ ಯಜಮಾನಿ, "ಮೇಷ್ಟ್ರೇ, ನಿಮ್ಮ ಔಷಧಿ ಕುಡಿದು ಹುಳ ಇನ್ನೂ ದಪ್ಪವಾದ ಹಾಗಿದೆ" ಎಂದರು. ನಿವೃತ್ತಿಯ ನಂತರವೂ ಪಾಠ ಮಾಡುವ ಚಟ ಬಿಡದ ನಾನು, ಇದು ಕೊಲ್ಲುವ ಔಷಧಿಯಲ್ಲ, ಹುಳುವಿನ ಹಾರ್ಮೋನ್ ಕೆಡಿಸುವ ಔಷಧಿ, ಫಲ ಕಾಣಲು ನಾಲ್ಕು ದಿನ ಬೇಕು ಎಂದುಬಿಟ್ಟೆ. ಅವರ ಮುಖ ಬದಲಾಯಿತು. ಸೊಸೆಗೆ ಐದು ತಿಂಗಳು. ವಾರಕ್ಕೆರಡು ಸಲ ನಮ್ಮ ಹಿತ್ತಿಲ ಬದನೆಕಾಯಿ ಅವರ ಮನೆಗೆ ಹೋಗುತ್ತಿತ್ತು. "ಹುಳದ ಹಾರ್ಮೋನ್ ಕೆಡಿಸುವುದು ಬಸುರಿ ಹೆಂಗಸಿನ ಹಾರ್ಮೋನ್ ಕೆಡಿಸುವುದಿಲ್ಲವೇ?" ಎಂದು ಕೇಳಿದರು. ಬೇವು ನೈಸರ್ಗಿಕ, ಆದ್ದರಿಂದ ಏನೂ ಆಗದು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ದತ್ತೂರದ ವಿಷಬೀಜವೂ ನೈಸರ್ಗಿಕವೇ. ಹಾಗಾಗಿ ಉತ್ತರಕ್ಕೆ ಒಂದು ವಾರ ಸಮಯ ಕೇಳಿದೆ.

ಮೊದಲು ಹುಳುವಿನ ಕಡೆಯ ಕಥೆ. ಪಾತಿಯಿಂದ ಮೂರನೇ ಹಂತದ ಇಪ್ಪತ್ತು ಹುಳುಗಳನ್ನು ಎತ್ತಿ ಎರಡು ಗಾಜಿನ ಭರಣಿಗಳಲ್ಲಿ ಹತ್ತು ಹತ್ತು ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿದೆ. ಒಂದಕ್ಕೆ ಬರೀ ನೀರಿನಲ್ಲಿ ಅದ್ದಿ ಆರಿಸಿದ ಎಲೆ, ಇನ್ನೊಂದಕ್ಕೆ ಅದೇ ಬೇವಿನ ದ್ರಾವಣದಲ್ಲಿ ಅದ್ದಿ ಆರಿಸಿದ ಎಲೆ. ಎರಡನೇ ದಿನದಿಂದ ಇಬ್ಬರಿಗೂ ಅದ್ದದ ಹೊಸ ಎಲೆಯನ್ನೇ ಹಾಕಿದೆ. ನೀರಿನ ಭರಣಿಯಲ್ಲಿ ಮೂರನೇ ದಿನದೊಳಗೆ ಹುಳುಗಳು ಬಾಲದ ತುದಿಯನ್ನು ಎಲೆಗೆ ಅಂಟಿಸಿಕೊಂಡು ನಿಂತು, ಬೆನ್ನು ಸೀಳಿ, ಹಳೆಯ ಪೊರೆಯಿಂದ ಹೊರಬಂದವು. ಆಗಷ್ಟೇ ಹೊರಬಂದ ಹುಳುವಿನ ಮುಳ್ಳುಗಳು ಬಿಳಿಯಾಗಿ, ಮೆತ್ತಗೆ, ಒದ್ದೆ ಕೂದಲಿನಂತೆ ಮೈಗೆ ಅಂಟಿಕೊಂಡಿರುತ್ತವೆ. ಗಂಟೆ ಕಳೆಯುವಷ್ಟರಲ್ಲಿ ಸೆಟೆದು ನಿಲ್ಲುತ್ತವೆ. ಎರಡನೇ ವಾರದ ಹೊತ್ತಿಗೆ ಒಂದನ್ನು ಬಿಟ್ಟು ಉಳಿದವೆಲ್ಲ ಕೋಶಾವಸ್ಥೆಗೆ ಹೋಗಿದ್ದವು. ಆ ಒಂದು ಯಾಕೆ ಸತ್ತಿತೋ ತಿಳಿಯದು. ಭರಣಿಯಲ್ಲಿ ಸಾಕಿದರೆ ಹೀಗೆ ಒಂದೆರಡು ಸಾಯುತ್ತವೆ.

ಬೇವಿನ ಭರಣಿಯಲ್ಲಿ ಮೊದಲ ದಿನ ಎಲೆಯ ಅಂಚನ್ನು ಮಾತ್ರ ಕೆರೆದು ಬಿಟ್ಟಿದ್ದವು. ಇದು ಬಾಯಿರುಚಿಯ ಸಂಗತಿ: ಕೀಟದ ಬಾಯಿಯ ಸುತ್ತ ಇರುವ ರುಚಿಯ ರೋಮಗಳಲ್ಲಿ 'ತಿನ್ನಬೇಡ' ಎನ್ನುವ ನರಕೋಶವನ್ನು ಬೇವಿನ ಔಷಧಿಯ ಮುಖ್ಯ ಕಹಿ ವಸ್ತುವಾದ ಅಜಾಡಿರಾಕ್ಟಿನ್ ಮಿಡಿಸುತ್ತದೆ. ಆದರೆ ಹಸಿದ ಹುಳು ಸ್ವಲ್ಪವಾದರೂ ತಿಂದೇ ತಿನ್ನುತ್ತದೆ, ನಿಜವಾದ ಕೆಲಸ ಅಲ್ಲಿಂದ ಶುರು. ಐದನೇ ದಿನ ಎರಡು ಹುಳುಗಳ ಬೆನ್ನು ಸೀಳಿತ್ತು, ತಲೆ ಅರ್ಧ ಹೊರಬಂದಿತ್ತು, ಕಾಲುಗಳು ಹಳೆಯ ಪೊರೆಯೊಳಗೇ ಸಿಕ್ಕಿಕೊಂಡಿದ್ದವು. ಒದ್ದೆ ಅಂಗಿಯನ್ನು ತಲೆಯ ಮೇಲಿಂದ ತೆಗೆಯುವಾಗ ತೋಳು ಸಿಕ್ಕಿಕೊಂಡ ಮಗುವಿನ ಹಾಗೆ. ಅವು ಹಾಗೆಯೇ ಕಪ್ಪಾಗಿ ಸತ್ತವು. ಉಳಿದ ಕೆಲವು ಪೊರೆ ಬಿಡಲು ಪ್ರಯತ್ನವನ್ನೇ ಮಾಡಲಿಲ್ಲ. ನೀರಿನ ಭರಣಿಯ ಹುಳುಗಳು ಕೋಶಾವಸ್ಥೆಗೆ ಹೋದ ಮೇಲೂ ಇವು ಅದೇ ಮೂರನೇ ಹಂತದ ತಲೆ ಹೊತ್ತು, ಮಂಕಾಗಿ ಅಡ್ಡಾಡುತ್ತಿದ್ದವು. ವಯಸ್ಸಾಯಿತು, ಬೆಳೆಯಲಿಲ್ಲ.

ಅಜಾಡಿರಾಕ್ಟಿನ್ ಮಾಡುವ ಕೆಲಸ ತಿಳಿಯಲು ಈ ಎರಡು ಬಗೆಯ ಸೋಲನ್ನು ನೋಡಿದರೆ ಸಾಕು. ಕೀಟದ ಮೈ ಗಟ್ಟಿ ಕವಚದೊಳಗಿದೆ, ಬೆಳೆಯಬೇಕಾದರೆ ಕವಚ ಕಳಚಲೇಬೇಕು. ಕಳಚುವ ಹೊತ್ತು ಬಂತೆಂದು ಮೊದಲು ತೀರ್ಮಾನಿಸುವುದು ಮಿದುಳು. ಅಲ್ಲಿನ ಕೆಲವೇ ನರಕೋಶಗಳು ಒಂದು ಪ್ರೋಟೀನ್ ಹಾರ್ಮೋನನ್ನು ತಯಾರಿಸಿ, ಮಿದುಳಿನ ಹಿಂದೆ ಅಂಟಿಕೊಂಡಿರುವ ಪುಟ್ಟ ಗ್ರಂಥಿಗಳ ಮೂಲಕ ರಕ್ತಕ್ಕೆ ಬಿಡುತ್ತವೆ. ಅದು ಎದೆಭಾಗದ ಗ್ರಂಥಿಯನ್ನು ತಟ್ಟಿದಾಗ ಎಕ್ಡೈಸೋನ್ ಎಂಬ ಸ್ಟಿರಾಯ್ಡ್ ಹೊರಡುತ್ತದೆ. ಎಕ್ಡೈಸೋನ್ ಮಟ್ಟ ಏರಿ, ಒಂದು ಶಿಖರ ಮುಟ್ಟಿ, ಮತ್ತೆ ಇಳಿಯಬೇಕು. ಏರುವಾಗ ಹಳೆಯ ಕವಚದಡಿ ಹೊಸ ಕವಚ ನೇಯಲಾಗುತ್ತದೆ, ಇಳಿದಾಗ ಮಾತ್ರ ಹಳೆಯದನ್ನು ಸೀಳಿ ಹೊರಬರುವ ಕೊನೆಯ ಆದೇಶ ಸಿಗುತ್ತದೆ. ಇದರ ಜೊತೆಗೆ ಬಾಲ್ಯದ ಹಾರ್ಮೋನ್ ಎಂದು ಕರೆಯಬಹುದಾದ ಇನ್ನೊಂದಿದೆ. ಮುಂದಿನ ಪೊರೆಯ ನಂತರ ಹೊರಬರುವುದು ದೊಡ್ಡ ಮರಿಯೋ ಕೋಶವೋ ಎಂಬುದನ್ನು ಅದು ನಿರ್ಧರಿಸುತ್ತದೆ.

ಅಜಾಡಿರಾಕ್ಟಿನ್ ತಾನೇ ಎಕ್ಡೈಸೋನ್ ವೇಷ ಹಾಕಿ ಅದರ ಜಾಗದಲ್ಲಿ ಕೂರುತ್ತದೆ ಎಂದು ಭಾವಿಸುವುದು ಸುಲಭ, ಎರಡರ ರಚನೆಯಲ್ಲೂ ಉಂಗುರಗಳ ಗೊಂಚಲಿದೆ. ಆದರೆ ಸಾಕ್ಷ್ಯ ಬೇರೆ ಕಡೆ ಬೆರಳು ತೋರಿಸುತ್ತದೆ. ಜರ್ಮನಿಯ ಹೈನ್ಸ್ ರೆಂಬೋಲ್ಡ್ ಅವರ ತಂಡ ವಿಕಿರಣ ಗುರುತು ಹಾಕಿದ ಅಜಾಡಿರಾಕ್ಟಿನ್ ಮಾದರಿಯನ್ನು ಮಿಡತೆಗಳಿಗೆ ಕೊಟ್ಟು ಅದು ಎಲ್ಲಿ ಶೇಖರವಾಗುತ್ತದೆ ಎಂದು ಹುಡುಕಿತು. ಅದು ಮಿದುಳಿನ ಹಿಂದಿನ ಆ ಪುಟ್ಟ ಗ್ರಂಥಿಯಲ್ಲಿ, ಅಂದರೆ ಹಾರ್ಮೋನ್ ಹೊರಬೀಳುವ ಬಾಗಿಲಿನಲ್ಲೇ ನಿಂತಿತ್ತು. ಒಳಗೆ ಸರಕು ತಯಾರಾಗುತ್ತದೆ, ಹೊರಗೆ ಹೋಗುವುದಿಲ್ಲ. ಎಕ್ಡೈಸೋನ್ ಶಿಖರ ತಡವಾಗುತ್ತದೆ, ಕುಳ್ಳಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಶಿಖರ ಬಾರದ ಹುಳು ಮೂರನೇ ಹಂತದಲ್ಲೇ ಮುದಿಯಾಗುತ್ತದೆ. ಶಿಖರ ಬಂದರೂ ಅದರ ಆಕಾರ ಕೆಟ್ಟ ಹುಳು ಅರ್ಧ ಪೊರೆಯಲ್ಲಿ ಸಿಕ್ಕಿ ಸಾಯುತ್ತದೆ. ನನ್ನ ಭರಣಿಯ ಎರಡು ಬಗೆಯ ಸೋಲು ಇದೇ.

ಇದರಿಂದಲೇ ಇನ್ನೊಂದು ಮಾತು ಹೊರಡುತ್ತದೆ. ಔಷಧಿ ಒಳಗೆ ಹೋಗುವ ಹೊತ್ತಿಗೆ ಶಿಖರ ದಾಟಿದ್ದ ಹುಳು ಆ ಸಲದ ಪೊರೆಯನ್ನು ಸಲೀಸಾಗಿ ಬಿಡುತ್ತದೆ, ಪೆಟ್ಟು ಬೀಳುವುದು ಮುಂದಿನ ಪೊರೆಗೆ. ಬೆಳೆದ ದುಂಬಿಗೆ ಪೊರೆಯ ಚಿಂತೆಯೇ ಇಲ್ಲ. ಅದು ಬೇವು ಸಿಂಪಡಿಸಿದ ಎಲೆಯ ಮೇಲೆ ಆರಾಮವಾಗಿ ಓಡಾಡುತ್ತದೆ, ಅದರ ಮೊಟ್ಟೆ ಕಡಿಮೆಯಾಗಬಹುದು ಅಷ್ಟೇ, ಏಕೆಂದರೆ ಮೊಟ್ಟೆ ಕಟ್ಟುವುದಕ್ಕೂ ಇವೇ ಹಾರ್ಮೋನುಗಳು ಬೇಕು. ಗಿಡದ ಮೇಲೆ ದುಂಬಿ ಕಂಡಾಗ ಬೇವು ಹೊಡೆದು, ಸಾಯಲಿಲ್ಲವೆಂದು ಅಂಗಡಿಯವನನ್ನು ಬೈಯುವವರು ತಪ್ಪು ವಯಸ್ಸಿನ ಹುಳುವಿಗೆ ಹೊಡೆದಿರುತ್ತಾರೆ.

ನನ್ನ ಮೊದಲ ಸಿಂಪಡಣೆ ಅರ್ಧ ವ್ಯರ್ಥವಾದದ್ದಕ್ಕೆ ಕಾರಣ ಮಾತ್ರ ನಾನೇ. ಹಿಂದಿನ ಸಂಜೆಯೇ ಕೊಳವೆಬಾವಿ ನೀರಿನಲ್ಲಿ ಬೆರೆಸಿಟ್ಟು, ಮರುದಿನ ಹನ್ನೊಂದು ಗಂಟೆಯ ಬಿಸಿಲಿಗೆ ಹೊಡೆದಿದ್ದೆ. ನಮ್ಮ ನೀರು ಪಾತ್ರೆಗೆ ಬಿಳಿ ಕಟ್ಟುವಂಥ ಕ್ಷಾರದ ನೀರು. ಅಜಾಡಿರಾಕ್ಟಿನ್ ತುಸು ಹುಳಿಯ ನೀರಿನಲ್ಲಿ ಬಾಳುತ್ತದೆ, ಕ್ಷಾರದಲ್ಲಿ ಬೇಗ ಒಡೆಯುತ್ತದೆ, ಬಿಸಿಲಿನ ಅತಿನೇರಳೆ ಕಿರಣಕ್ಕಂತೂ ಎಲೆಯ ಮೇಲೆ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಎರಡನೇ ಸಲ ಮಳೆನೀರಿನಲ್ಲಿ ಬೆರೆಸಿ, ಬೆರೆಸಿದ ಗಂಟೆಯೊಳಗೆ, ಸಂಜೆ ಐದರ ನಂತರ, ಎಲೆಯ ಅಡಿಮೈಗೆ ತಾಗುವಂತೆ ಹೊಡೆದೆ. ಭರಣಿಯಲ್ಲಿ ಕಂಡದ್ದೇ ಪಾತಿಯಲ್ಲೂ ಕಂಡಿತು. ಬಿಸಿಲಿಗೆ ಬೇಗ ಕರಗಿಹೋಗುವ ಈ ದೌರ್ಬಲ್ಯ ಬದನೆಕಾಯಿ ತಿನ್ನುವವರಿಗೆ ಅನುಕೂಲವೇ.

ಇನ್ನು ಪಕ್ಕದ ಮನೆಯವರ ಪ್ರಶ್ನೆ. ಅದರ ಮೊದಲ ಅರ್ಧಕ್ಕೆ ಉತ್ತರ ಸರಳ. ಮನುಷ್ಯರು ಪೊರೆ ಬಿಡುವುದಿಲ್ಲ. ನಮ್ಮಲ್ಲಿ ಎಕ್ಡೈಸೋನ್ ಇಲ್ಲ, ಅದನ್ನು ಹೊರಡಿಸುವ ಮಿದುಳಿನ ಪ್ರೋಟೀನ್ ಇಲ್ಲ, ಅದನ್ನು ಹಿಡಿಯುವ ಗ್ರಾಹಕವೂ ಇಲ್ಲ. ಗರ್ಭವನ್ನು ಕಾಯುವ ಪ್ರೊಜೆಸ್ಟರೋನ್ ಕೂಡ ಸ್ಟಿರಾಯ್ಡ್ ಕುಲದ್ದೇ ನಿಜ, ಆದರೆ ಅಜಾಡಿರಾಕ್ಟಿನ್ ಕೀಟದಲ್ಲಿ ಸ್ಟಿರಾಯ್ಡಿಗೆ ನೇರವಾಗಿ ಕೈ ಹಾಕುವುದಿಲ್ಲ, ಅದರ ಹಿಂದಿನ ಬಾಗಿಲನ್ನು ಮುಚ್ಚುತ್ತದೆ. ಆ ಬಾಗಿಲು ನಮ್ಮ ಮನೆಯಲ್ಲಿಲ್ಲ.

ಎರಡನೇ ಅರ್ಧ ಅಷ್ಟು ಸರಳವಲ್ಲ, ಏಕೆಂದರೆ ಅಜಾಡಿರಾಕ್ಟಿನ್‌ಗೆ ಇನ್ನೊಂದು ಕೆಲಸವೂ ಇದೆ. ಪತಂಗವೊಂದರಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸುವ ಎಸ್‌ಎಫ್9 ಎಂಬ ಜೀವಕೋಶಗಳಿವೆ. ಅವಕ್ಕೆ ಮಿದುಳೂ ಇಲ್ಲ, ಗ್ರಂಥಿಯೂ ಇಲ್ಲ, ಆದರೂ ಅಜಾಡಿರಾಕ್ಟಿನ್ ಬಿದ್ದರೆ ವಿಭಜನೆ ನಿಲ್ಲುತ್ತದೆ. ವಿಭಜನೆಯ ವೇಳೆ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳು ಟ್ಯೂಬುಲಿನ್ ಎಂಬ ಪ್ರೋಟೀನಿನವು. ಆ ನೂಲು ಹೆಣೆಯುವುದಕ್ಕೆ ಅಡ್ಡಿಯಾಗುತ್ತದೆ ಎಂಬುದು ಇಲ್ಲಿಯ ಸಂಶಯ. ಟ್ಯೂಬುಲಿನ್ ನಮ್ಮ ಪ್ರತಿ ಜೀವಕೋಶದಲ್ಲೂ ಇದೆ. ಹಾಗಾಗಿ ಹಾರ್ಮೋನ್ ಇಲ್ಲವೆಂದ ಮಾತ್ರಕ್ಕೆ ಮನುಷ್ಯ ಕೋಶ ಬಚಾವ್ ಎನ್ನಲಾಗದು, ಅಳೆದು ನೋಡಬೇಕು.

ಅಳೆದಿದ್ದಾರೆ. 1996ರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಕ್ಯಾಸಿಡಾ ಅವರ ಪ್ರಯೋಗಾಲಯ ಬೇವಿನ ಹಲವು ಕಹಿ ವಸ್ತುಗಳನ್ನು ಬೇರೆಬೇರೆಯಾಗಿ ತೆಗೆದು ಮನುಷ್ಯನ ಮೂಳೆ ಕ್ಯಾನ್ಸರಿನ ಕೋಶ, ಇಲಿಯ ನರಗಡ್ಡೆಯ ಕೋಶ ಮತ್ತು ಎಸ್‌ಎಫ್9 ಕೋಶಗಳ ಮೇಲೆ ಹಾಕಿ ನೋಡಿತು. ದ್ರಾವಣ ಎಷ್ಟು ಗಟ್ಟಿ ಎಂದು ಹೇಳುವ ಮೈಕ್ರೋಮೋಲಾರ್ ಎಂಬ ಅಳತೆಯಲ್ಲಿ 200ರವರೆಗೂ ಅಜಾಡಿರಾಕ್ಟಿನ್ ಅರ್ಧದಷ್ಟು ಕೋಶಗಳನ್ನೂ ಕೊಲ್ಲಲಿಲ್ಲ. ಆದರೆ ನಿಂಬೋಲೈಡ್ ಎಂಬ ಇನ್ನೊಂದು ವಸ್ತು ಸರಾಸರಿ 6 ಮೈಕ್ರೋಮೋಲಾರ್‌ನಲ್ಲೇ ಅರ್ಧ ಕೋಶಗಳನ್ನು ಮುಗಿಸಿತು. ಸ್ವಾರಸ್ಯವೆಂದರೆ, ಅಲ್ಲಿ ಕೀಟದ ಕೋಶವೂ ಅಜಾಡಿರಾಕ್ಟಿನ್‌ಗೆ ಜಗ್ಗಲಿಲ್ಲ. ಇತರ ಪ್ರಯೋಗಗಳಲ್ಲಿ ಕೀಟ ಕೋಶದ ವಿಭಜನೆ ನ್ಯಾನೋಮೋಲಾರ್ ಮಟ್ಟದಲ್ಲೇ, ಅಂದರೆ ಸಾವಿರಾರು ಪಟ್ಟು ಕಡಿಮೆ ಪ್ರಮಾಣದಲ್ಲಿ, ತಗ್ಗಿದ್ದುಂಟು. ಕೋಶ ಸಾಯುವುದು ಬೇರೆ, ಮರಿ ಹಾಕುವುದನ್ನು ನಿಲ್ಲಿಸುವುದು ಬೇರೆ. ಒಬ್ಬರು ಒಂದನ್ನು ಅಳೆದರು, ಮತ್ತೊಬ್ಬರು ಇನ್ನೊಂದನ್ನು ಎಂದು ನಾನು ಓದಿಕೊಂಡಿದ್ದೇನೆ. 2001ರಲ್ಲಿ ಮನುಷ್ಯನ ಮಿದುಳುಗಡ್ಡೆಯ ಕೋಶಗಳ ಮೇಲಿನ ಒಂದು ಪ್ರಯೋಗದಲ್ಲಿ ಅಜಾಡಿರಾಕ್ಟಿನ್ ಕೂಡ ಮೈಕ್ರೋಮೋಲಾರ್ ಮಟ್ಟದಲ್ಲಿ ಕೋಶಗಳ ವೃದ್ಧಿಯನ್ನು ತಗ್ಗಿಸಿತ್ತು. ಆದ್ದರಿಂದ ಮನುಷ್ಯ ಕೋಶಕ್ಕೆ ಅದು ಸೋಕುವುದೇ ಇಲ್ಲ ಎನ್ನುವ ಜಾಹೀರಾತಿನ ಮಾತು ಸುಳ್ಳು. ಸೋಕಲು ಬೇಕಾದ ಪ್ರಮಾಣ ಎಷ್ಟು, ತಟ್ಟೆಗೆ ಬರುವುದೆಷ್ಟು ಎಂಬ ಲೆಕ್ಕವೇ ಮುಖ್ಯ.

ಆ ಲೆಕ್ಕವನ್ನು ಪಕ್ಕದ ಮನೆಯ ಜಗಲಿಯ ಮೇಲೆ ಕೂತು ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿದೆವು. 1500 ಪಿಪಿಎಂ ಎಂದರೆ ಲೀಟರಿಗೆ ಸುಮಾರು ಒಂದೂವರೆ ಗ್ರಾಂ. ಅದರಿಂದ 5 ಮಿಲಿಲೀಟರ್ ತೆಗೆದು ಲೀಟರ್ ನೀರಿಗೆ ಬೆರೆಸಿದರೆ ಆ ನೀರಿನಲ್ಲಿ 7.5 ಮಿಲಿಗ್ರಾಂ ಅಜಾಡಿರಾಕ್ಟಿನ್. ಅದರ ಅಣುತೂಕ ಸುಮಾರು 720, ಹಾಗಾಗಿ ಸಿಂಪಡಣೆಯ ನೀರೇ ಸುಮಾರು 10 ಮೈಕ್ರೋಮೋಲಾರ್. ಪಂಪಿನೊಳಗಿನ ನೀರನ್ನು ಹಾಗೆಯೇ ಸುರಿದರೂ ಕ್ಯಾಸಿಡಾ ಅವರ ಮೂಳೆ ಕೋಶ ಸಾಯುವ ಮಟ್ಟಕ್ಕೆ ಹೋಗುವುದಿಲ್ಲ. ಇನ್ನು ತಟ್ಟೆಗೆ ಬನ್ನಿ. ಪ್ರತಿ ಬದನೆಕಾಯಿಯ ಮೇಲೆ ಒಂದು ಮಿಲಿಲೀಟರ್ ಪೂರ್ತಿ ಉಳಿಯಿತು, ಬಿಸಿಲಿಗೆ ಏನೂ ಹೋಗಲಿಲ್ಲ, ತೊಳೆಯಲೂ ಇಲ್ಲ ಎಂದೇ ಇಟ್ಟುಕೊಳ್ಳೋಣ. ಬಸುರಿ ಒಬ್ಬಳೇ ಐದು ಕಾಯಿ ತಿಂದರೆ ಒಳಹೋಗುವುದು 0.04 ಮಿಲಿಗ್ರಾಮಿಗಿಂತ ಕಡಿಮೆ. 55 ಕಿಲೋ ತೂಕಕ್ಕೆ ಹಂಚಿದರೆ ಕಿಲೋಗೆ 0.0007 ಮಿಲಿಗ್ರಾಂ. ಲಕ್ನೋದಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳಿಗೆ 12 ಶೇಕಡಾ ಅಜಾಡಿರಾಕ್ಟಿನ್ ಇರುವ ಕಚ್ಚಾಸರಕನ್ನು ದಿನಕ್ಕೆ ಕಿಲೋಗೆ 1500 ಮಿಲಿಗ್ರಾಂವರೆಗೆ 90 ದಿನ ಉಣಿಸಿದ್ದರು, ವಿಷದ ಲಕ್ಷಣ ಕಾಣಲಿಲ್ಲ. ಅದರಲ್ಲಿ ಅಜಾಡಿರಾಕ್ಟಿನ್ ಪಾಲು 180 ಮಿಲಿಗ್ರಾಂ. ನಮ್ಮ ಐದು ಬದನೆಕಾಯಿಗಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು. ಇಲಿ ಮನುಷ್ಯನಲ್ಲ, ಆದರೆ ಈ ಅಂತರದಲ್ಲಿ ಆ ವ್ಯತ್ಯಾಸಕ್ಕೂ ಬೇಕಾದಷ್ಟು ಜಾಗವಿದೆ.

"ಹಾಗಾದರೆ ಬೇವು ಒಳ್ಳೆಯದೇ ಅನ್ನಿ" ಎಂದು ಅವರು ನಿಟ್ಟುಸಿರುಬಿಟ್ಟರು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಮಾತಿನ ಮಧ್ಯೆ ಅವರು ಗೋಡೆಯ ಗೂಡಿನತ್ತ ಕೈ ತೋರಿಸಿ, ಮಗು ಹುಟ್ಟಲಿ, ನಮ್ಮಮ್ಮ ನಮಗೆ ಶೀತಕ್ಕೆ ಬೇವಿನೆಣ್ಣೆ ನೆಕ್ಕಿಸುತ್ತಿದ್ದರು, ನಾವೂ ಹಾಗೇ ಮಾಡುತ್ತೇವೆ, ಗಾಣದಿಂದ ಶುದ್ಧ ಎಣ್ಣೆ ತರಿಸಿಟ್ಟಿದ್ದೇನೆ ಎಂದಿದ್ದರು. ಅವರು ಹೆದರಬೇಕಾದದ್ದು ಬದನೆಕಾಯಿಗಲ್ಲ, ಆ ಗೂಡಿನ ಬಾಟಲಿಗೆ.

1980ರ ದಶಕದ ಆರಂಭದಲ್ಲಿ ಮಲೇಷ್ಯಾದ ವೈದ್ಯರು ಶಿಶುಗಳ ಒಂದು ವಿಚಿತ್ರ ಕಾಯಿಲೆಯನ್ನು ವರದಿ ಮಾಡಿದರು. ಅಲ್ಲಿನ ಭಾರತೀಯ ಮೂಲದ ಕುಟುಂಬಗಳಲ್ಲಿ ಶೀತ, ಕೆಮ್ಮಿಗೆ ಬೇವಿನೆಣ್ಣೆ ಕುಡಿಸುವ ರೂಢಿಯಿತ್ತು. ಕುಡಿಸಿದ ಕೆಲವೇ ಗಂಟೆಗಳಲ್ಲಿ ವಾಂತಿ, ಮಂಪರು, ಏದುಸಿರು, ನಂತರ ಫಿಟ್ಸ್. ರಕ್ತ ಆಮ್ಲೀಯವಾಗಿರುತ್ತಿತ್ತು, ಮಿದುಳು ಊದಿಕೊಳ್ಳುತ್ತಿತ್ತು, ಯಕೃತ್ತಿನಲ್ಲಿ ಕೊಬ್ಬು ತುಂಬುತ್ತಿತ್ತು, ಕೆಲವರು ಉಳಿಯಲಿಲ್ಲ. ವೈರಸ್ ಜ್ವರದ ನಂತರ ಮಕ್ಕಳಲ್ಲಿ ಕಾಣುವ ರೈ ಸಿಂಡ್ರೋಮನ್ನೇ ಇದು ಹೋಲುತ್ತಿತ್ತು. ಅದೇ ಎಣ್ಣೆಯನ್ನು ಪ್ರಯೋಗಾಲಯದ ಇಲಿಗಳಿಗೆ ಕೊಟ್ಟಾಗ ಯಕೃತ್ತಿನ ಮೈಟೊಕಾಂಡ್ರಿಯಾ, ಅಂದರೆ ಕೋಶದೊಳಗಿನ ಶಕ್ತಿಯ ಒಲೆಗಳು, ಕೆಟ್ಟಿರುವುದು ಕಂಡಿತು. ಭಾರತದಲ್ಲೂ ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಇಲ್ಲಿ ಹಾರ್ಮೋನಿನ ಮಾತೇ ಇಲ್ಲ. ಗಾಣದ ಎಣ್ಣೆ ಒಂದು ಅಣುವಲ್ಲ: ಕೊಬ್ಬಿನಾಮ್ಲಗಳು, ಗಂಧಕದ ವಾಸನೆಯ ವಸ್ತುಗಳು, ನಿಂಬಿನ್, ಸಲಾನಿನ್ ಮುಂತಾದ ಹತ್ತಾರು ಕಹಿಗಳು, ಬೀಜ ನೆನೆದು ಬೂಸಲು ಹಿಡಿದಿದ್ದರೆ ಅಫ್ಲಾಟಾಕ್ಸಿನ್ ಎಂಬ ಬೂಸಲಿನ ವಿಷ ಕೂಡ. ಅಜಾಡಿರಾಕ್ಟಿನ್ ಅದರಲ್ಲಿ ಒಂದು ಸಣ್ಣ ಪಾಲು. ಎಣ್ಣೆಯ ಅಪರಾಧವನ್ನು ಅಜಾಡಿರಾಕ್ಟಿನ್ ತಲೆಗೆ ಕಟ್ಟುವುದೂ ಅಜಾಡಿರಾಕ್ಟಿನ್ ಪರೀಕ್ಷೆಯ ಪ್ರಮಾಣಪತ್ರವನ್ನು ಎಣ್ಣೆಗೆ ಅಂಟಿಸುವುದೂ ಒಂದೇ ಬಗೆಯ ತಪ್ಪು.

ಬಸುರಿನ ಮಾತಿಗೂ ಇದೇ ಅನ್ವಯ. ಬೇವಿನ ಬೀಜದ ಸಾರಗಳನ್ನು ಬಾಯಿಯ ಮೂಲಕ ಕೊಟ್ಟಾಗ ಇಲಿಗಳಲ್ಲೂ ಕೋತಿಗಳಲ್ಲೂ ಆರಂಭದ ಗರ್ಭ ನಿಂತುಹೋದದ್ದನ್ನು ದೆಹಲಿಯ ಜಿ. ಪಿ. ತಲವಾರ್ ಅವರ ತಂಡ 1990ರ ದಶಕದಲ್ಲಿ ತೋರಿಸಿತ್ತು. ಗರ್ಭನಿರೋಧಕ ಹುಡುಕುವುದೇ ಅವರ ಉದ್ದೇಶವಾಗಿತ್ತು. ಸೊಸೆ ಬದನೆಕಾಯಿ ತಿನ್ನಲಿ, ಆದರೆ ಶುಗರ್‌ಗೆ ಒಳ್ಳೆಯದೆಂದು ಯಾರಾದರೂ ಬೇವಿನ ಕಷಾಯ ಕೊಟ್ಟರೆ ಕುಡಿಯುವುದು ಬೇಡ ಎಂದೆ.

ಆಗ ಅವರು ಕೇಳಿದ ಪ್ರಶ್ನೆಗೆ ನಾನು ಸಿದ್ಧನಿರಲಿಲ್ಲ: "ಯುಗಾದಿಗೆ ಬೇವುಬೆಲ್ಲ ತಿನ್ನುತ್ತೇವಲ್ಲ, ಅದು?" ಬಾಟಲಿಯ ಅಜಾಡಿರಾಕ್ಟಿನ್ ಬರುವುದು ಬೀಜದಿಂದ. ಮನುಷ್ಯ ಕೋಶವನ್ನು ಆರೇ ಮೈಕ್ರೋಮೋಲಾರ್‌ನಲ್ಲಿ ಕೊಂದ ನಿಂಬೋಲೈಡ್ ಇರುವುದು ಹೆಚ್ಚಾಗಿ ಎಲೆಯಲ್ಲಿ, ಹೂವಿನಲ್ಲಿ. ಅಂದರೆ ಪ್ರಯೋಗಾಲಯದ ಗಾಜಿನ ತಟ್ಟೆಯ ಲೆಕ್ಕದಲ್ಲಿ ಹಬ್ಬದ ಬೇವು ಬದನೆಕಾಯಿಗಿಂತ ಖಾರ! ಈ ನಿಂಬೋಲೈಡ್ ಎಷ್ಟು ಚುರುಕೆಂದರೆ 2019ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಅದು ಸ್ತನ ಕ್ಯಾನ್ಸರ್ ಕೋಶದಲ್ಲಿ ಆರ್‌ಎನ್‌ಎಫ್114 ಎಂಬ ಪ್ರೋಟೀನಿಗೆ ಕೊಂಡಿ ಹಾಕಿಕೊಂಡು ಬಿಡದೆ ಹಿಡಿಯುವುದನ್ನು ತೋರಿಸಿದರು. ಆ ಕೊಂಡಿ ಹಿಡಿಯುವುದು ಪ್ರೋಟೀನಿನ ಗಂಧಕದ ತುದಿಯನ್ನು. ಆದರೆ ಅಂಥದೇ ಗಂಧಕದ ತುದಿ ಇರುವ ಗ್ಲುಟಾಥಯೋನ್ ಎಂಬ ಪುಟ್ಟ ಅಣು ನಮ್ಮ ಕರುಳು, ಯಕೃತ್ತಿನ ತುಂಬ ಇದೆ, ಅದೇ ಮೊದಲು ಎದುರಾಗುತ್ತದೆ. ತಟ್ಟೆಯಲ್ಲಿನ ಬೆತ್ತಲೆ ಕೋಶಕ್ಕೆ ಸಿಕ್ಕಿದ ನಿಂಬೋಲೈಡ್ ನಾಲ್ಕೆಸಳು ಹೂ ತಿಂದವರ ರಕ್ತಕ್ಕೆ ಅಷ್ಟೇ ಪ್ರಮಾಣದಲ್ಲಿ ಸಿಗುವುದಿಲ್ಲ. ಬೇವು ಕ್ಯಾನ್ಸರ್ ವಾಸಿ ಮಾಡುತ್ತದೆ ಎಂದು ಮೊಬೈಲಿಗೆ ಬರುವ ಸಂದೇಶಗಳು ಮುಚ್ಚಿಡುವುದು ಇದೇ ಅಂತರವನ್ನು. ಹಬ್ಬದ ಚಿಟಿಕೆಗೆ ಏನೂ ಆಗದು, ಆದರೆ ದಿನವೂ ಲೋಟಗಟ್ಟಲೆ ಎಲೆಯ ರಸ ಕುಡಿಯುವವರ ಪರವಾಗಿ ನಾನು ಮಾತು ಕೊಡಲಾರೆ.

ಹೊರಡುವಾಗ ಒಂದು ತಪ್ಪೊಪ್ಪಿಗೆಯನ್ನೂ ಮಾಡಿದೆ. ಬಾಟಲಿ ತರುವ ಮೊದಲು ನಾನು ಮನೆಯಲ್ಲೇ ಬೀಜದ ಕಷಾಯ ಮಾಡುತ್ತಿದ್ದೆ, ಲೀಟರಿಗೆ 50 ಗ್ರಾಂ ತಿರುಳು ಕುಟ್ಟಿ ರಾತ್ರಿ ನೆನೆಸಿ ಸೋಸಿದ್ದು. ಒಳ್ಳೆಯ ತಿರುಳಿನಲ್ಲಿ ಸಾವಿರಕ್ಕೆ ಎರಡು ಮೂರು ಪಾಲು ಅಜಾಡಿರಾಕ್ಟಿನ್ ಇರಬಹುದು, ಎಲ್ಲವೂ ನೀರಿಗೆ ಇಳಿದರೆ ಲೀಟರಿಗೆ ನೂರು ಮಿಲಿಗ್ರಾಂ ದಾಟುತ್ತದೆ. ಕಂಪನಿಯ ಔಷಧಿಗೆ ಹೆದರಿ ಮನೆಯ ಕಷಾಯವನ್ನು ಕಣ್ಣುಮುಚ್ಚಿ ನಂಬುವವರು ಹತ್ತು ಪಟ್ಟು ಗಟ್ಟಿಯದನ್ನು ಹೊಡೆಯುತ್ತಿರಬಹುದು. ಆಗಲೂ ಬದನೆಕಾಯಿ ಲೆಕ್ಕ ಕೆಡುವುದಿಲ್ಲ, ಅಂತರ ಎರಡು ಲಕ್ಷದಿಂದ ಹತ್ತಿಪ್ಪತ್ತು ಸಾವಿರಕ್ಕೆ ಇಳಿಯುತ್ತದೆ ಅಷ್ಟೇ. ಬೂಸಲು ಬೀಜ ಮಾತ್ರ ಆರಿಸಿ ಬಿಸಾಡಬೇಕು.

ಹದಿನೇಳನೇ ದಿನ ಬೇವಿನ ಭರಣಿಯ ಕೊನೆಯ ಹುಳು ಸತ್ತಿತು, ಮೂರನೇ ಹಂತದ ತಲೆಯಲ್ಲೇ. ಪಕ್ಕದ ಭರಣಿಯಲ್ಲಿ ಅಷ್ಟರಲ್ಲಿ ದುಂಬಿಗಳು ಹೊರಬಂದಿದ್ದವು, ಚುಕ್ಕೆಗಳು ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಆ ಸಂಜೆ ಬದನೆಕಾಯಿ ಕೊಡಲು ಹೋದಾಗ ಪಕ್ಕದ ಮನೆಯ ಗೂಡು ಖಾಲಿಯಿತ್ತು. ಎಣ್ಣೆಯ ಬಾಟಲಿ ಹಿತ್ತಿಲ ಕೊಟ್ಟಿಗೆಯಲ್ಲಿ ಗುದ್ದಲಿಯ ಪಕ್ಕ, ಮಕ್ಕಳ ಕೈಗೆ ಎಟುಕದ ತೊಲೆಯ ಮೇಲೆ ಕೂತಿತ್ತು. ಅದರ ಕೊರಳಿಗೆ ಯಾರೋ ಕೆಂಪು ದಾರ ಕಟ್ಟಿದ್ದರು.